186 ಸ್ಲೈಡು, ಒಂದು ಪುಟ

2003ರ ಜನವರಿ 16. ಕೊಲಂಬಿಯಾ ಬಾಹ್ಯಾಕಾಶ ನೌಕೆ ನೆಲ ಬಿಟ್ಟು ಸುಮಾರು 82 ಸೆಕೆಂಡು ಆಗಿತ್ತು. ದೊಡ್ಡ ಇಂಧನ ಟ್ಯಾಂಕಿನ ಮೇಲ್ಮೈಯಿಂದ ಫೋಮ್‌ನ ಒಂದು ತುಂಡು ಕಿತ್ತುಕೊಂಡು ಬಂದು ನೌಕೆಯ ಎಡರೆಕ್ಕೆಗೆ ಬಡಿಯಿತು. ನೌಕೆ ಕಕ್ಷೆಯಲ್ಲಿರುವಾಗಲೇ ಬೋಯಿಂಗ್ ಕಂಪನಿಯ ಎಂಜಿನಿಯರುಗಳು ಈ ಹೊಡೆತದ ಪರಿಣಾಮ ಏನಿರಬಹುದೆಂದು ಲೆಕ್ಕ ಹಾಕಿ, ಸ್ಲೈಡುಗಳಲ್ಲಿ ಬರೆದು ನಾಸಾಕ್ಕೆ ಕೊಟ್ಟರು. ಅವುಗಳಲ್ಲಿ ಒಂದು ಸ್ಲೈಡಿನ ತಲೆಬರಹ ಧೈರ್ಯ ಹೇಳುವಂತಿತ್ತು: ಹಿಂದಿನ ಪರೀಕ್ಷೆಗಳ ಮಾಹಿತಿ ನೋಡಿದರೆ ನಮ್ಮ ಅಂದಾಜು ಸುರಕ್ಷಿತ ಬದಿಯಲ್ಲೇ ಇದೆ ಎಂಬ ಅರ್ಥ ಅದರಿಂದ ಹೊರಡುತ್ತಿತ್ತು. ಅದೇ ಸ್ಲೈಡಿನ ತೀರಾ ಕೆಳಗೆ, ಸಣ್ಣ ಅಕ್ಷರದ ಒಳಸಾಲಿನಲ್ಲಿ, ಬೇರೆಯೇ ಸಂಗತಿ ಇತ್ತು. ಬಡಿದ ತುಂಡಿನ ಗಾತ್ರ 1,920 ಘನ ಇಂಚು. ಪರೀಕ್ಷೆಯಲ್ಲಿ ಬಳಸಿದ್ದು 3 ಘನ ಇಂಚು. ಅಂದರೆ 640 ಪಟ್ಟು ದೊಡ್ಡದು. ಆ ಪರೀಕ್ಷೆಯ ಫಲಿತಾಂಶವನ್ನು ಈ ಹೊಡೆತಕ್ಕೆ ಅನ್ವಯಿಸುವುದೇ ಕಷ್ಟ ಎಂದು ಆ ಸಾಲು ಹೇಳುತ್ತಿತ್ತು.

ಫೆಬ್ರವರಿ 1ರಂದು ಮರಳಿ ಬರುವಾಗ ಕೊಲಂಬಿಯಾ ಛಿದ್ರವಾಯಿತು. ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು. ಯೇಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಎಡ್ವರ್ಡ್ ಟಫ್ಟಿ ಆ ಒಂದು ಸ್ಲೈಡನ್ನು ಸಾಲುಸಾಲಾಗಿ ಬಿಡಿಸಿ ನೋಡಿದರು. ತನಿಖಾ ಮಂಡಳಿ ಅವರ ವಿಶ್ಲೇಷಣೆಯನ್ನು ತನ್ನ ವರದಿಯಲ್ಲಿ ಸೇರಿಸಿಕೊಂಡಿತು. ಲೆಕ್ಕ ಮಾಡಿದವರಿಂದ ನಡುವಿನ ಅಧಿಕಾರಿಗಳಿಗೆ, ಅಲ್ಲಿಂದ ಮೇಲಿನವರಿಗೆ ಮಾಹಿತಿ ಏರುತ್ತ ಹೋದಂತೆ ವಿವರಣೆಗಳು ಮೆಟ್ಟಿಲು ಮೆಟ್ಟಿಲಿಗೂ ಸೋರಿಹೋಗುತ್ತವೆ ಎಂಬುದು ಅಲ್ಲಿನ ಮಾತು. ಅಪಘಾತಕ್ಕೆ ಸ್ಲೈಡೇ ಕಾರಣ ಎನ್ನಲಾಗದು. ಆದರೆ ಸಾರಾಂಶದ ಸಾರಾಂಶ ಮಾಡುತ್ತ ಹೋದಾಗ ಏನು ಉಳಿಯುತ್ತದೆ, ಏನು ಬಿದ್ದುಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಟುವಾದ ಉದಾಹರಣೆ ಸಿಗುವುದು ಕಷ್ಟ.

ಆಗ ಈ ಕೆಲಸ ಮಾಡುತ್ತಿದ್ದವರು ಮನುಷ್ಯರು. ಈಗ ಅದೇ ಕೆಲಸ ಭಾಷಾ ಮಾಡೆಲ್‌ಗಳ ಪಾಲಿಗೆ ಬಂದಿದೆ. ಕಚೇರಿಗೆ ಇನ್ನೂರು ಸ್ಲೈಡಿನ ಪಿಪಿಟಿ ಬರುತ್ತದೆ, ನಾಳೆ ಬೆಳಿಗ್ಗೆ ಮೀಟಿಂಗು, ಸಾಹೇಬರಿಗೆ ಒಂದು ಪುಟ ಸಾಕು. ಪಿಪಿಟಿ ಚಿಕ್ಕದಾಗಿದ್ದರೆ ಇಡಿಯಾಗಿ ಕೊಟ್ಟು ಸಾರಾಂಶ ಕೇಳಬಹುದು. ಮಾಡೆಲ್‌ನ ಹಿಡಿತಕ್ಕಿಂತ ದೊಡ್ಡದಾದರೆ ಅದನ್ನು ತುಂಡು ಮಾಡಿ, ತುಂಡಿಗೊಂದು ಬಿಡಿ ಸಾರಾಂಶ ತೆಗೆದು, ಅವನ್ನೆಲ್ಲ ಹೆಣೆದು ಕೊನೆಯ ಒಂದು ಪುಟ ಮಾಡಬೇಕಾಗುತ್ತದೆ. ಕೇಳಲು ಸರಳ. ತೊಂದರೆಯೆಲ್ಲ ಹೆಣೆಯುವಲ್ಲಿದೆ.

ಮೊದಲಿಗೆ, ಹಿಡಿತ ಎಂದರೇನು ಎಂದು ನೋಡೋಣ. ಮಾಡೆಲ್ ಪಠ್ಯವನ್ನು ಟೋಕನ್ ಎಂಬ ಚೂರುಗಳಾಗಿ ಓದುತ್ತದೆ. ಇಂಗ್ಲಿಷಿನಲ್ಲಿ ಮೂರು ಪದಕ್ಕೆ ಸುಮಾರು ನಾಲ್ಕು ಟೋಕನ್. ಒಂದು ಸಲಕ್ಕೆ ಎಷ್ಟು ಟೋಕನ್ ಕಣ್ಣಮುಂದೆ ಇರಬಹುದು ಎಂಬುದಕ್ಕೆ ಒಂದು ಮಿತಿ ಇರುತ್ತದೆ. 2020ರ ಜಿಪಿಟಿ-3ಕ್ಕೆ ಅದು 2,048. ನಾಲ್ಕು ವರ್ಷದಲ್ಲಿ ಅದು ಹತ್ತು ಲಕ್ಷದವರೆಗೂ ಬೆಳೆಯಿತು. 2024ರಲ್ಲಿ ಗೂಗಲ್ ಜೆಮಿನಿ 1.5 ಅನ್ನು ಆ ಅಳತೆಯಲ್ಲೇ ಪ್ರಕಟಿಸಿತು. 2017ರಿಂದ ಬಳಕೆಯಲ್ಲಿರುವ ಟ್ರಾನ್ಸ್‌ಫಾರ್ಮರ್ ವಿನ್ಯಾಸದಲ್ಲಿ ಪ್ರತಿಯೊಂದು ಟೋಕನ್ನೂ ಉಳಿದವುಗಳತ್ತ ನೋಡಬೇಕು. ಹಾಗಾಗಿ ಪಠ್ಯ ಎರಡು ಪಟ್ಟಾದರೆ ಈ ನೋಡುವ ಕೆಲಸ ನಾಲ್ಕು ಪಟ್ಟಾಗುತ್ತದೆ. ಮಿತಿ ಹುಟ್ಟಿದ್ದು ಅಲ್ಲಿಂದ.

ಹತ್ತು ಲಕ್ಷ ಟೋಕನ್ ಹಿಡಿಯುವ ಮಾಡೆಲ್ ಇರುವಾಗ ತುಂಡು ಮಾಡುವ ಗೋಜೇಕೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಬಹಳಷ್ಟು ಕಚೇರಿಗಳಲ್ಲಿ ಕಡತವನ್ನು ಹೊರಗಿನ ಸರ್ವರಿಗೆ ಕಳಿಸುವಂತಿಲ್ಲ. ಒಳಗೇ ಇರುವ ಕಂಪ್ಯೂಟರಿನಲ್ಲಿ ಓಡುವ ಸಣ್ಣ ಮಾಡೆಲ್ಲೇ ಗತಿ. ಇನ್ನೊಂದು ಕಾರಣವೂ ಇದೆ. 2023ರಲ್ಲಿ ನೆಲ್ಸನ್ ಲಿಯು ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ, ಉದ್ದದ ಪಠ್ಯ ಕೊಟ್ಟಾಗ ಮಾಡೆಲ್‌ಗಳು ಮೊದಲಲ್ಲೂ ಕೊನೆಯಲ್ಲೂ ಇರುವುದನ್ನು ಚೆನ್ನಾಗಿ ಹಿಡಿದು, ನಡುವಿನದನ್ನು ಕೈಬಿಡುವುದು ಕಂಡುಬಂತು. ಆಮೇಲೆ ಬಂದ ಮಾಡೆಲ್‌ಗಳು ಸುಧಾರಿಸಿವೆ. ಆದರೂ ಇಡೀ ಪಿಪಿಟಿ ಒಳಗೆ ಹಿಡಿಸಿತು ಎಂದಮಾತ್ರಕ್ಕೆ ಇಡೀ ಪಿಪಿಟಿಯನ್ನು ಸಮನಾಗಿ ಓದಿತು ಎಂದಾಗುವುದಿಲ್ಲ.

ತುಂಡು ಮಾಡಿ ಸೇರಿಸುವ ಈ ಕ್ರಮಕ್ಕೆ ಪರಿಣತರು ಇಟ್ಟಿರುವ ಹೆಸರು ಮ್ಯಾಪ್-ರೆಡ್ಯೂಸ್. ಗೂಗಲ್‌ನ ಜೆಫ್ ಡೀನ್ ಮತ್ತು ಸಂಜಯ್ ಘೇಮಾವತ್ 2004ರಲ್ಲಿ ಈ ಹೆಸರಿನ ಪ್ರಬಂಧ ಪ್ರಕಟಿಸಿದರು. ಸಾವಿರಾರು ಯಂತ್ರಗಳಿಗೆ ಕೆಲಸ ಹಂಚಿ, ಬಂದ ಉತ್ತರಗಳನ್ನು ಕೂಡಿಸುವ ವಿಧಾನ ಅದು. ಅಲ್ಲಿನ ಪ್ರಸಿದ್ಧ ಉದಾಹರಣೆ ಪದಗಳನ್ನು ಎಣಿಸುವುದು: ಪ್ರತಿ ಯಂತ್ರ ತನ್ನ ಪಾಲಿನ ಪುಟಗಳಲ್ಲಿ ಒಂದು ಪದ ಎಷ್ಟು ಸಲ ಬಂದಿದೆ ಎಂದು ಎಣಿಸುತ್ತದೆ, ಕೊನೆಗೆ ಎಲ್ಲ ಸಂಖ್ಯೆಗಳನ್ನು ಕೂಡಿಸಿದರಾಯಿತು. ಯಾವ ಕ್ರಮದಲ್ಲಿ ಕೂಡಿಸಿದರೂ ಮೊತ್ತ ಒಂದೇ. ಸಾರಾಂಶಕ್ಕೆ ಈ ಗುಣ ಇಲ್ಲ. ಏಳು ಬಿಡಿ ಸಾರಾಂಶಗಳನ್ನು ಸೇರಿಸಿದರೆ ಇಡೀ ಪಿಪಿಟಿಯ ಸಾರಾಂಶ ಬರುತ್ತದೆ ಎಂಬ ಭರವಸೆ ಎಲ್ಲೂ ಇಲ್ಲ. ಹೆಸರು ಎರವಲು ಬಂತು, ಭರವಸೆ ಬರಲಿಲ್ಲ.

ಒಂದು ಪ್ರಕರಣವನ್ನು ಕಲ್ಪಿಸಿಕೊಂಡು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಒಂದು ಊರಿಗೂ ಸುತ್ತಲಿನ ಹಳ್ಳಿಗಳಿಗೂ ನದಿಯಿಂದ ಕುಡಿಯುವ ನೀರು ತರುವ ಯೋಜನೆ. ಅದರ ಪ್ರಗತಿ ಪರಿಶೀಲನೆಗೆ ಸಿದ್ಧಪಡಿಸಿದ ಪಿಪಿಟಿಯಲ್ಲಿ 186 ಸ್ಲೈಡು. ಸ್ಲೈಡಿನ ಮೇಲಿನ ಬರಹ, ಅದರ ಕೆಳಗೆ ಮಾತಾಡುವವರು ಬರೆದುಕೊಂಡ ನೋಟ್ಸು ಎರಡೂ ಸೇರಿ ಸ್ಲೈಡೊಂದಕ್ಕೆ ಸರಾಸರಿ 200 ಟೋಕನ್ ಎಂದುಕೊಂಡರೆ ಒಟ್ಟು 37,200 ಟೋಕನ್. ಕಚೇರಿಯ ಮಾಡೆಲ್‌ನ ಮಿತಿ 8,192. ಅದರಲ್ಲಿ ಸೂಚನೆಗೆ, ಉತ್ತರಕ್ಕೆ, ಸ್ವಲ್ಪ ಕೈಮೀಸಲಿಗೆ ಎಂದು ಎರಡು ಸಾವಿರ ಬಿಟ್ಟರೆ ಪಠ್ಯಕ್ಕೆ ಉಳಿಯುವುದು ಸುಮಾರು ಆರು ಸಾವಿರ. ಆ ಲೆಕ್ಕಕ್ಕೆ ಒಂದು ತುಂಡಿಗೆ ಮೂವತ್ತು ಸ್ಲೈಡು, ಒಟ್ಟು ಏಳು ತುಂಡು. ಪ್ರತಿ ತುಂಡಿನಿಂದ 500 ಟೋಕನ್‌ನ ಬಿಡಿ ಸಾರಾಂಶ ತೆಗೆದರೆ 3,500 ಆಗುತ್ತದೆ. ಅದು ಒಂದೇ ಸಲಕ್ಕೆ ಹಿಡಿಸುತ್ತದೆ. ಏಳು ಸಲ ಓದಿಸಿ, ಒಂದು ಸಲ ಹೆಣೆಸಿದರೆ ಮುಗಿಯಿತು. ಇದೇ ಪಿಪಿಟಿ 900 ಸ್ಲೈಡಿನದಾಗಿದ್ದರೆ ಮೂವತ್ತು ಬಿಡಿ ಸಾರಾಂಶ ಬಂದು, ಅವೇ ಹದಿನೈದು ಸಾವಿರ ಟೋಕನ್ ಆಗಿ, ಹೆಣೆಯುವುದನ್ನೂ ಎರಡು ಹಂತದಲ್ಲಿ ಮಾಡಬೇಕಾಗುತ್ತಿತ್ತು.

ತುಂಡು ಮಾಡುವ ಮೊದಲು ಫೈಲಿನಿಂದ ಪಠ್ಯ ಹೊರತೆಗೆಯಬೇಕಲ್ಲ, ಅರ್ಧ ಅನಾಹುತ ಅಲ್ಲೇ ಆಗಿರುತ್ತದೆ. .pptx ಎಂಬುದು ಒಂದು ಜಿಪ್ ಕಟ್ಟು. ಬಿಚ್ಚಿದರೆ ಒಳಗೆ `ppt/slides/slide12.xml` ಎಂಬಂಥ ಹೆಸರಿನ ಫೈಲುಗಳು, ನೋಟ್ಸಿಗೆ ಬೇರೆ, ಗ್ರಾಫಿಗೆ ಬೇರೆ. ಸ್ಲೈಡುಗಳ ನಿಜವಾದ ಕ್ರಮ ಆ ಹೆಸರಿನ ಸಂಖ್ಯೆಯಲ್ಲಿಲ್ಲ, `presentation.xml` ಎಂಬ ಇನ್ನೊಂದು ಫೈಲಿನಲ್ಲಿದೆ. ಒಂದು ಸ್ಲೈಡಿನೊಳಗಿನ ಚೌಕಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಹೊರಬರುವುದಿಲ್ಲ, ಒಂದರ ಮೇಲೊಂದು ಪೇರಿಸಿದ ಕ್ರಮದಲ್ಲಿ ಬರುತ್ತವೆ. ಕೊನೆಗೆ ಅಂಟಿಸಿದ ಚೌಕ ಸ್ಲೈಡಿನ ನೆತ್ತಿಯಲ್ಲಿದ್ದರೂ ಪಠ್ಯದಲ್ಲಿ ಕೊನೆಗೇ ಬರುತ್ತದೆ. ಬೇಜವಾಬ್ದಾರಿಯಿಂದ ಬರೆದ ಪ್ರೋಗ್ರಾಂ ಟೇಬಲ್‌ಗಳನ್ನೂ ಗ್ರೂಪ್ ಮಾಡಿದ ಚೌಕಗಳನ್ನೂ ಹಾರಿಸಿಬಿಡುತ್ತದೆ. ಚಿತ್ರವಾಗಿ ಅಂಟಿಸಿದ ಬರಹವಂತೂ ಬರುವುದೇ ಇಲ್ಲ. ಇನ್ನು ಮೀಟಿಂಗಿನಲ್ಲಿ ತೋರಿಸಬಾರದೆಂದು ಮರೆಮಾಡಿದ ಸ್ಲೈಡುಗಳು ಫೈಲಿನಲ್ಲಿ `show="0"` ಎಂಬ ಗುರುತಿನೊಂದಿಗೆ ಹಾಗೇ ಕೂತಿರುತ್ತವೆ. ಗಮನಿಸದಿದ್ದರೆ ಹಳೆಯ, ತಿರಸ್ಕೃತ ಅಂದಾಜು ಹೊಸ ಸಾರಾಂಶದೊಳಗೆ ನುಸುಳಿಬಿಡುತ್ತದೆ.

ನಮ್ಮ ನೀರಿನ ಯೋಜನೆಯಲ್ಲಿ 70ನೇ ಸ್ಲೈಡು ನೀರಿನ ಗುಣಮಟ್ಟದ ಪ್ರಯೋಗಾಲಯ ವರದಿ. ಯಾರೋ ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕಿದ್ದಾರೆ. ಪಠ್ಯದ ಲೆಕ್ಕದಲ್ಲಿ ಅದು ಖಾಲಿ ಸ್ಲೈಡು. ಆ ತುಂಡಿನ ಬಿಡಿ ಸಾರಾಂಶ ನೀರಿನ ಗುಣಮಟ್ಟದ ಬಗ್ಗೆ ತುಟಿ ಬಿಚ್ಚುವುದಿಲ್ಲ, ಓದುವವರಿಗೆ ಅದು ಕಾಣೆಯಾಗಿದೆ ಎಂಬ ಸುಳಿವೂ ಇರುವುದಿಲ್ಲ. ಹಾಗಾಗಿ ಪಠ್ಯ ತೆಗೆದ ಕೂಡಲೇ ಹತ್ತು ಪದಕ್ಕಿಂತ ಕಡಿಮೆ ಇರುವ ಸ್ಲೈಡುಗಳ ಪಟ್ಟಿ ಮಾಡಿ, ಒಂದೊಂದನ್ನೂ ಕಣ್ಣಾರೆ ನೋಡುವುದು ಒಳ್ಳೆಯದು. ಐದು ನಿಮಿಷದ ಕೆಲಸ.

ಕನ್ನಡದ ಪಿಪಿಟಿಗೆ ಇನ್ನೊಂದು ಕಂಟಕ ಇದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಸ್ಲೈಡು ಪರದೆಯ ಮೇಲೆ ಚೆಂದದ ಕನ್ನಡವಾಗಿಯೇ ಕಾಣುತ್ತದೆ. ಪಠ್ಯ ತೆಗೆದರೆ "ಕನ್ನಡ" ಇದ್ದಲ್ಲಿ `PÀ£ÀßqÀ` ಎಂದು ಬರುತ್ತದೆ. ಅದನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸದೆ ಕೊಟ್ಟರೆ ಮಾಡೆಲ್ ಅರ್ಥವಾಗಲಿಲ್ಲ ಎನ್ನುವ ಬದಲು ಏನೋ ಒಂದನ್ನು ಊಹಿಸಿ ಬರೆಯುವ ಸಂಭವವೇ ಹೆಚ್ಚು. ಸರಿಯಾದ ಯೂನಿಕೋಡ್ ಕನ್ನಡವೂ ಟೋಕನ್ ಲೆಕ್ಕದಲ್ಲಿ ದುಬಾರಿ. ಕನ್ನಡದ ಪ್ರತಿ ಅಕ್ಷರ ಚಿಹ್ನೆ ಕಂಪ್ಯೂಟರಿನಲ್ಲಿ ಮೂರು ಬೈಟ್ ತೆಗೆದುಕೊಳ್ಳುತ್ತದೆ, ಹಳೆಯ ಮಾಡೆಲ್‌ಗಳು ಅದನ್ನು ನುಚ್ಚುನೂರು ಮಾಡಿ ಓದುತ್ತಿದ್ದವು. 2024ರಲ್ಲಿ ಜಿಪಿಟಿ-4ಒ ಜೊತೆ ಬಂದ ಹೊಸ ಟೋಕನ್ ವ್ಯವಸ್ಥೆಯಲ್ಲಿ ತೆಲುಗಿನ ಉದಾಹರಣೆ ವಾಕ್ಯಕ್ಕೆ ಬೇಕಾದ ಟೋಕನ್ 3.5 ಪಟ್ಟು ಇಳಿಯಿತು ಎಂದು ಓಪನ್‌ಎಐ ಪ್ರಕಟಿಸಿತು. ಮೊದಲು ಎಷ್ಟು ಪೋಲಾಗುತ್ತಿತ್ತು ಎಂಬುದನ್ನು ಅದರಿಂದಲೇ ಊಹಿಸಬಹುದು. ಆದ್ದರಿಂದ ಇಂಗ್ಲಿಷ್ ಪಿಪಿಟಿಗೆ ಮೂವತ್ತು ಸ್ಲೈಡಿನ ತುಂಡು ಸರಿಹೋಯಿತೆಂದು ಕನ್ನಡದ್ದಕ್ಕೂ ಅದೇ ಅಳತೆ ಹಿಡಿಯಬಾರದು. ಬಳಸುವ ಮಾಡೆಲ್‌ನಿಂದಲೇ ಟೋಕನ್ ಎಣಿಸಿ ನೋಡಬೇಕು.

ಈಗ ಕತ್ತರಿ ಎಲ್ಲಿ ಹಾಕುವುದು? ಮೂವತ್ತಕ್ಕೆ ಒಂದು ಎಂದು ಕಣ್ಣುಮುಚ್ಚಿ ಕತ್ತರಿಸಿದರೆ "ಪೈಪ್‌ಲೈನ್ ಕಾಮಗಾರಿ" ಎಂಬ ಶೀರ್ಷಿಕೆ ಒಂದು ತುಂಡಿನಲ್ಲಿ, ಅದರ "ಮುಂದುವರಿದುದು" ಇನ್ನೊಂದರಲ್ಲಿ ಬೀಳುತ್ತದೆ. ಪಿಪಿಟಿಯಲ್ಲಿ ಒಂದು ಅನುಕೂಲ ಉಂಟು: ಗದ್ಯದಂತಲ್ಲದೆ ಇಲ್ಲಿ ಹೊಲಿಗೆ ಎಲ್ಲಿದೆ ಎಂದು ಮಾಡಿದವರೇ ತೋರಿಸಿರುತ್ತಾರೆ. ವಿಭಾಗದ ಹೆಸರು ಮಾತ್ರ ಇರುವ ಸ್ಲೈಡುಗಳೇ ಹೊಲಿಗೆ. ನಮ್ಮ ಉದಾಹರಣೆಯಲ್ಲಿ ಪರಿಚಯ 22ನೇ ಸ್ಲೈಡಿನವರೆಗೆ, ಜಾಕ್‌ವೆಲ್ 51ರವರೆಗೆ, ಶುದ್ಧೀಕರಣ ಘಟಕ 80ರವರೆಗೆ, ಪೈಪ್‌ಲೈನ್ 110ರವರೆಗೆ, ಹಣಕಾಸು 138ರವರೆಗೆ, ಭೂಸ್ವಾಧೀನ 160ರವರೆಗೆ, ಉಳಿದದ್ದು ಅನುಬಂಧ. ತುಂಡುಗಳು ಸಮ ಇಲ್ಲದಿದ್ದರೇನಂತೆ, ಅರ್ಥ ಇಡಿಯಾಗಿದ್ದರೆ ಸಾಕು.

ಹಾಗಿದ್ದೂ ನಾಲ್ಕನೇ ತುಂಡು ಓದುವ ಮಾಡೆಲ್‌ಗೆ ಮೊದಲ ತುಂಡಿನಲ್ಲಿ ಏನಿತ್ತೆಂದು ಗೊತ್ತಿಲ್ಲ. 6ನೇ ಸ್ಲೈಡಿನಲ್ಲಿ "ಪ್ಯಾಕೇಜ್-2 ಎಂದರೆ ನದಿಯಿಂದ ಘಟಕದವರೆಗಿನ ಪೈಪು" ಎಂದು ಒಮ್ಮೆ ಹೇಳಿ ಮುಗಿಸಿರುತ್ತಾರೆ. 97ನೇ ಸ್ಲೈಡಿನಲ್ಲಿ ಬರೀ "ಪ್ಯಾಕೇಜ್-2 ವಿಳಂಬ" ಎಂದಿರುತ್ತದೆ. ಇದಕ್ಕೆ ಉಪಾಯ, ಎಲ್ಲ ತುಂಡಿನ ತಲೆಗೂ ಒಂದೇ ಚೀಟಿ ಅಂಟಿಸುವುದು: ಪಿಪಿಟಿಯ ಹೆಸರು, ತಾರೀಖು, ವಿಭಾಗಗಳ ಪಟ್ಟಿ, ಸಂಕ್ಷೇಪಗಳ ಅರ್ಥ, ಕೊನೆಯ ಪುಟ ಓದುವವರು ಯಾರು, ಅವರಿಗೆ ಏನು ಬೇಕು. ಇನ್ನೂರು ಟೋಕನ್‌ನಲ್ಲಿ ಮುಗಿಯುತ್ತದೆ. ಕೊನೆಯ ವಿಷಯ ಸಣ್ಣದೆಂದು ಬಿಡಬಾರದು. "ಓದುವವರು ಜಿಲ್ಲಾಧಿಕಾರಿ, ಅವರಿಗೆ ಬೇಕಾದ್ದು ವೆಚ್ಚ, ಗಡುವು, ಅಡಚಣೆ" ಎಂದು ಮೊದಲ ಹಂತದಲ್ಲೇ ಹೇಳಿದರೆ ಪಂಪಿನ ಅಶ್ವಶಕ್ತಿಯ ವಿವರ ಹೋಗಿ ಗುತ್ತಿಗೆದಾರನ ತಕರಾರು ಉಳಿಯುತ್ತದೆ. ಹೇಳದಿದ್ದರೆ ಉಲ್ಟಾ ಆಗುವುದೂ ಉಂಟು. ಬಿಡಿ ಸಾರಾಂಶದಲ್ಲಿ ಬಿದ್ದುಹೋದದ್ದನ್ನು ಹೆಣೆಯುವಾಗ ಯಾವ ಜಾಣತನದಿಂದಲೂ ಮರಳಿ ತರಲಾಗದು.

ಈ ಕೆಲಸದಲ್ಲಿ ಬಹಳ ಮಂದಿ ಎಡವುವುದು ಬಿಡಿ ಸಾರಾಂಶದ ಸ್ವರೂಪದಲ್ಲಿ. ಮಾಡೆಲ್‌ಗೆ "ಇದರ ಸಾರಾಂಶ ಬರೆ" ಎಂದಷ್ಟೇ ಹೇಳಿದರೆ ಅದು ಓದುಗನಿಗೆಂದು ನುಣುಪಾದ ಪ್ಯಾರಾ ಬರೆಯುತ್ತದೆ. ಹಣಕಾಸಿನ ತುಂಡಿಗೆ ಹೀಗೊಂದು ಸಾಲು ಬರಬಹುದು: "ಯೋಜನೆಯ ಹಣಕಾಸು ಪ್ರಗತಿ ತೃಪ್ತಿಕರವಾಗಿದ್ದು, ಅಂದಾಜು ವೆಚ್ಚವನ್ನು ಪರಿಷ್ಕರಿಸಲಾಗಿದೆ." ಇದರಲ್ಲಿ ತಪ್ಪೇನಿಲ್ಲ, ಹುರುಳೂ ಇಲ್ಲ. ಬಿಡಿ ಸಾರಾಂಶವನ್ನು ಓದುವುದು ಮನುಷ್ಯರಲ್ಲ, ಮುಂದಿನ ಹಂತದ ಹೆಣಿಗೆ. ಅದಕ್ಕೆ ಬೇಕಾದ್ದು ಕಚ್ಚಾ ಸರಕು. ಅದೇ ತುಂಡಿನಿಂದ ಹೀಗೆ ಬರಬೇಕು:

```
ಪರಿಷ್ಕೃತ ಅಂದಾಜು ₹94.5 ಕೋಟಿ; ಹಿಂದಿನದು ₹86 ಕೋಟಿ [ಸ್ಲೈಡ್ 131]
ಭೂ ಪರಿಹಾರ ಈ ಅಂದಾಜಿನಲ್ಲಿ ಸೇರಿಲ್ಲ [131, ಅಡಿಟಿಪ್ಪಣಿ]
ಗುತ್ತಿಗೆದಾರ ಮಾರ್ಚ್‌ವರೆಗೆ ಅವಧಿ ಕೇಳಿದ್ದಾನೆ; ಸ್ಲೈಡಿನಲ್ಲಿ ಡಿಸೆಂಬರ್ [118, ನೋಟ್ಸ್]
```

ಒಂದು ಸಾಲಿಗೆ ಒಂದೇ ಸಂಗತಿ. ಅಂಕಿಯ ಜೊತೆ ಅದರ ಶರತ್ತು. ಕೊನೆಯಲ್ಲಿ ಸ್ಲೈಡ್ ಸಂಖ್ಯೆ. ಸೂಚನೆಯಲ್ಲಿ ಇಷ್ಟನ್ನು ಕೇಳಿ ಪಡೆದರೆ ಮುಂದಿನ ಕೆಲಸ ಅರ್ಧ ಹಗುರವಾಗುತ್ತದೆ.

ಏಕೆಂದರೆ ಪಿಪಿಟಿಯ ಕೆಲವು ಮುಖ್ಯ ಸಂಗತಿಗಳು ಯಾವ ತುಂಡಿನಲ್ಲೂ ಇಡಿಯಾಗಿ ಇರುವುದಿಲ್ಲ. 14ನೇ ಸ್ಲೈಡು ಯೋಜನಾ ವೆಚ್ಚ ₹86 ಕೋಟಿ ಎನ್ನುತ್ತದೆ. 131ನೇ ಸ್ಲೈಡು ₹94.5 ಕೋಟಿ ಎನ್ನುತ್ತದೆ, ಭೂ ಪರಿಹಾರ ಬಿಟ್ಟು. 152ನೇ ಸ್ಲೈಡು ಭೂ ಪರಿಹಾರ ₹6 ಕೋಟಿ, ಇನ್ನೂ ಮಂಜೂರಾಗಿಲ್ಲ ಎನ್ನುತ್ತದೆ. ಜಿಲ್ಲಾಧಿಕಾರಿಗೆ ಬೇಕಾದ ಉತ್ತರ: ವೆಚ್ಚ ₹100.5 ಕೋಟಿ ಮುಟ್ಟಬಹುದು, ಅದರಲ್ಲಿ ₹6 ಕೋಟಿಗೆ ಮಂಜೂರಾತಿ ಬಾಕಿ. ಈ ವಾಕ್ಯ ಪಿಪಿಟಿಯಲ್ಲಿ ಎಲ್ಲೂ ಇಲ್ಲ. ಒಂದನೇ, ಐದನೇ, ಆರನೇ ತುಂಡುಗಳು ಹೆಣೆಯುವಲ್ಲಿ ಸಂಧಿಸಿದಾಗಷ್ಟೇ ಹುಟ್ಟುತ್ತದೆ. "ಭೂ ಪರಿಹಾರ ಸೇರಿಲ್ಲ" ಎಂಬ ಅಡಿಟಿಪ್ಪಣಿ ಐದನೇ ತುಂಡಿನಲ್ಲೇ ಉದುರಿಹೋಗಿದ್ದರೆ ಅದು ಹುಟ್ಟುವ ದಾರಿಯೇ ಮುಚ್ಚಿತು. ಆಗ ಕೊನೆಯ ಪುಟದಲ್ಲಿ ₹94.5 ಕೋಟಿ ಬರುತ್ತದೆ. ಇನ್ನೂ ಕೆಟ್ಟರೆ ₹86 ಕೋಟಿ ಬರುತ್ತದೆ, ಮೊದಲು ಕಂಡದ್ದು ಅದೇ ಆದ್ದರಿಂದ.

ಎಣಿಕೆಯಲ್ಲಿ ಇನ್ನೊಂದು ಬಗೆಯ ತಪ್ಪು. 97ನೇ ಸ್ಲೈಡಿನ ಪ್ರಕಾರ ಐದು ಹಳ್ಳಿಗಳಲ್ಲಿ ಪೈಪ್ ಕೆಲಸ ನಿಂತಿದೆ. 148ನೇ ಸ್ಲೈಡಿನ ಪ್ರಕಾರ ನಾಲ್ಕು ಹಳ್ಳಿಗಳಲ್ಲಿ ಜಮೀನಿನ ತಕರಾರಿನಿಂದ ಕೆಲಸ ನಿಂತಿದೆ. ಬಿಡಿ ಸಾರಾಂಶಗಳಲ್ಲಿ ಬರೀ ಸಂಖ್ಯೆ ಉಳಿದಿದ್ದರೆ ಹೆಣೆಯುವ ಮಾಡೆಲ್ "ಒಂಬತ್ತು ಹಳ್ಳಿಗಳಲ್ಲಿ ಕೆಲಸ ಸ್ಥಗಿತ" ಎಂದು ನಿರ್ಭಯವಾಗಿ ಬರೆಯುತ್ತದೆ. ಹೆಸರು ಹಿಡಿದು ನೋಡಿದರೆ ಮೂರು ಹಳ್ಳಿ ಎರಡೂ ಪಟ್ಟಿಯಲ್ಲಿವೆ. ನಿಜವಾದ ಲೆಕ್ಕ ಆರು. ಮದುವೆ ಮನೆಯಲ್ಲಿ ಎರಡು ಬಾಗಿಲಿಗೆ ಇಬ್ಬರನ್ನು ನಿಲ್ಲಿಸಿ ಬಂದವರನ್ನು ಎಣಿಸಿದರೆ, ಈ ಬಾಗಿಲಲ್ಲಿ ಹೊಕ್ಕು ಹೊರಬಂದು ಆ ಬಾಗಿಲಲ್ಲಿ ಹೊಕ್ಕವರು ಎರಡೆಲೆ ಊಟದ ಲೆಕ್ಕಕ್ಕೆ ಸೇರಿದಂತೆ. ಖರ್ಚಾದ ಹಣವನ್ನು ತುಂಡು ತುಂಡಾಗಿ ಕೂಡಿಸಬಹುದು. ಎಲ್ಲಕ್ಕಿಂತ ತಡವಾದ ಗಡುವು ಯಾವುದೆಂದು ತುಂಡುಗಳಿಂದ ಹೆಕ್ಕಬಹುದು. ಎಷ್ಟು ಬೇರೆ ಬೇರೆ ಹಳ್ಳಿ, ಒಟ್ಟು ಪ್ರಗತಿ ಸರಾಸರಿ ಶೇಕಡ ಎಷ್ಟು ಎಂಬುವು ಹಾಗೆ ಕೂಡುವುದಿಲ್ಲ. ಮೊದಲನೆಯದಕ್ಕೆ ಹೆಸರುಗಳೇ ಬೇಕು. ಎರಡನೆಯದಕ್ಕೆ ಎಷ್ಟರಲ್ಲಿ ಎಷ್ಟು ಎಂಬ ಎರಡೂ ಸಂಖ್ಯೆ ಬೇಕು.

ಮೂರನೆಯದು ಸಮಪಾಲಿನ ಸಮಸ್ಯೆ. ಏಳು ತುಂಡಿಗೂ 500 ಟೋಕನ್ ಎಂದು ಕೊಟ್ಟರೆ, ಹಳೆಯ ಸುತ್ತೋಲೆಗಳನ್ನು ತುಂಬಿದ ಅನುಬಂಧಕ್ಕೂ ಹಣಕಾಸಿಗೂ ಒಂದೇ ಜಾಗ ಸಿಕ್ಕಿತು. ಮಾಡೆಲ್ ಕೊಟ್ಟ ಜಾಗ ತುಂಬಿಸುವ ಸ್ವಭಾವದ್ದು. ಅನುಬಂಧದಲ್ಲಿ ಹೇಳುವಂಥದ್ದೇನೂ ಇಲ್ಲದಿದ್ದರೂ ಏನಾದರೊಂದನ್ನು ಮುಖ್ಯ ಎಂದು ಎತ್ತಿ ಹಿಡಿಯುತ್ತದೆ. ಅದು ಹೆಣೆಯುವ ಹಂತಕ್ಕೆ ಹೋಗಿ ಕೊನೆಯ ಪುಟದಲ್ಲಿ ಒಂದು ಪ್ಯಾರಾ ಆಗಿ ಕೂರುತ್ತದೆ. "ಹೇಳುವಂಥದ್ದು ಇಲ್ಲದಿದ್ದರೆ ಇಲ್ಲ ಎಂದು ಬರೆ" ಎಂದು ಸೂಚನೆಯಲ್ಲಿ ಸೇರಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಹೆಣೆಯುವುದಕ್ಕೆ ಇನ್ನೊಂದು ದಾರಿಯೂ ಇದೆ. ಎಲ್ಲ ತುಂಡುಗಳನ್ನು ಬೇರೆ ಬೇರೆ ಓದಿಸುವ ಬದಲು, ಮೊದಲ ತುಂಡಿನ ಸಾರಾಂಶವನ್ನು ಕೈಯಲ್ಲಿ ಕೊಟ್ಟು ಎರಡನೆಯದನ್ನು ಓದಿಸುವುದು, ಅದನ್ನು ತಿದ್ದಿಸಿ ಮೂರನೆಯದಕ್ಕೆ ಹೋಗುವುದು. 14ನೇ ಸ್ಲೈಡಿನ ₹86 ಕೋಟಿ ನೆನಪಿನಲ್ಲಿ ಇಟ್ಟುಕೊಂಡೇ 131ಕ್ಕೆ ಬರುವುದರಿಂದ ಹಳೆಯದನ್ನು ಹೊಸದರಿಂದ ತಿದ್ದುವ ಅವಕಾಶ ಇದರಲ್ಲಿ ಹೆಚ್ಚು. ಆದರೆ ಒಂದು ಹೆಜ್ಜೆಯಲ್ಲಿ ಬಂದ ತಪ್ಪು ಮುಂದಿನ ಎಲ್ಲ ಹೆಜ್ಜೆಗೂ ಅಂಟಿಕೊಳ್ಳುತ್ತದೆ, ಏಳು ತುಂಡನ್ನು ಒಟ್ಟಿಗೆ ಓಡಿಸಿ ಸಮಯ ಉಳಿಸುವಂತೆಯೂ ಇಲ್ಲ. ಈ ಎರಡೂ ವಿಧಾನಗಳನ್ನು ಇತ್ತೀಚೆಗೆ ಪ್ರಕಟವಾದ ನೂರು ಪುಸ್ತಕಗಳ ಮೇಲೆ ಹೋಲಿಸಿ ನೋಡಿದ ಬೂಕ್‌ಸ್ಕೋರ್ ಎಂಬ ಅಧ್ಯಯನ 2023ರಲ್ಲಿ ಬಂತು. ಬೇರೆ ಬೇರೆ ಓದಿಸಿ ಹೆಣೆದವು ಹೆಚ್ಚು ಸುಸಂಬದ್ಧ, ತಿದ್ದುತ್ತ ಹೋದವು ಹೆಚ್ಚು ವಿವರಪೂರ್ಣ ಎಂದು ಅದು ಕಂಡುಕೊಂಡಿತು. ಪುಸ್ತಕಕ್ಕೆ ಕಥೆಯ ಎಳೆ ಇರುತ್ತದೆ, ಪಿಪಿಟಿಗೆ ಅಷ್ಟಾಗಿ ಇರುವುದಿಲ್ಲ. ವಿಭಾಗ ವಿಭಾಗವಾಗಿ ನಿಂತಿರುವ ಪಿಪಿಟಿಗೆ ಬೇರೆ ಬೇರೆ ಓದಿಸಿ ಹೆಣೆಯುವುದೇ ಒಗ್ಗುತ್ತದೆ. ತಿಂಗಳು ತಿಂಗಳಿನ ಬದಲಾವಣೆಯನ್ನು ಸಾಲಾಗಿ ಹೇಳುವ ಪಿಪಿಟಿಗೆ ತಿದ್ದುತ್ತ ಹೋಗುವುದು ವಾಸಿ.

ತುಂಡು ಮಾಡುವುದರಲ್ಲಿ ಒಂದು ಲಾಭವೂ ಇದೆ. ಅದನ್ನು ಮೊದಲು ಸರಿಯಾಗಿ ಬಳಸಿಕೊಂಡವರಲ್ಲಿ ಓಪನ್‌ಎಐ ಸಂಶೋಧಕರೂ ಇದ್ದರು. 2021ರಲ್ಲಿ ಅವರು ಇಡೀ ಕಾದಂಬರಿಗಳನ್ನು ಹೀಗೆ ತುಂಡು ಮಾಡಿ, ಸಾರಾಂಶದ ಸಾರಾಂಶ ಮಾಡಿಸಿದರು. ಪರಿಶೀಲಿಸುವ ಮನುಷ್ಯ ಇಡೀ ಪುಸ್ತಕ ಓದಬೇಕಾಗಿಲ್ಲ, ಆ ತುಂಡನ್ನೂ ಅದರ ಸಾರಾಂಶವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು ಎಂಬುದು ಅವರ ಮುಖ್ಯ ಗುರಿಯಾಗಿತ್ತು. ಕೊನೆಯ ಸಾರಾಂಶಗಳು ಮನುಷ್ಯರು ಬರೆದವುಗಳ ಮಟ್ಟ ಮುಟ್ಟಿದ್ದು ಅಪರೂಪ. ಎಷ್ಟೋ ಸಲ ಅವು ಎಳೆ ಇಲ್ಲದ ಘಟನೆಗಳ ಪಟ್ಟಿಯಂತೆ ಇದ್ದವು ಎಂದು ಅವರೇ ಬರೆದಿದ್ದಾರೆ. ಆದರೆ ತಪ್ಪು ಎಲ್ಲಿ ಹುಟ್ಟಿತು ಎಂದು ಹಿಂದಕ್ಕೆ ಹೋಗಿ ಹುಡುಕುವ ದಾರಿ ಇತ್ತು. ಅನೇಕರು ಬಿಡಿ ಸಾರಾಂಶಗಳನ್ನು ಕೆಲಸ ಮುಗಿದ ಮೇಲೆ ಅಳಿಸಿಬಿಡುತ್ತಾರೆ. ಅಳಿಸಿದರೆ ಈ ದಾರಿ ಹೋಯಿತು.

ಹುಡುಕುವುದು ಹೇಗೆ? ಕೊನೆಯ ಪುಟದ ಪ್ರತಿ ಅಂಕಿಯನ್ನೂ ಹಿಡಿದು ಮೂಲ ಪಿಪಿಟಿಯ ಪಠ್ಯದಲ್ಲಿ ಇದೆಯೇ ಎಂದು ನೋಡಬೇಕು. ಸಣ್ಣ ಪ್ರೋಗ್ರಾಂ ಕೂಡ ಇದನ್ನು ಮಾಡುತ್ತದೆ. 94.5 ಸಿಗುತ್ತದೆ. 100.5 ಸಿಗುವುದಿಲ್ಲ, ಏಕೆಂದರೆ ಅದು ಕೂಡಿಸಿ ಬಂದದ್ದು. ಅಂಥದ್ದನ್ನು ಕೈಯಿಂದ ಕೂಡಿಸಿ ನೋಡಬೇಕು. "ಒಂಬತ್ತು ಹಳ್ಳಿ" ಬಂದಿದ್ದರೆ ಅದೂ ಮೂಲದಲ್ಲಿ ಸಿಗುವುದಿಲ್ಲ, ಆಗ ಸಿಕ್ಕಿಬೀಳುತ್ತದೆ. ಇದು ಬರೆದದ್ದು ನಿಜವೇ ಎಂಬ ಪರೀಕ್ಷೆ. ಬಿಟ್ಟದ್ದೇನು ಎಂಬ ಪರೀಕ್ಷೆಗೆ ಪಿಪಿಟಿ ಗೊತ್ತಿರುವ ಒಬ್ಬರು ಬೇಕು: ಬಿಡಬಾರದ ನಾಲ್ಕೈದು ಸ್ಲೈಡುಗಳನ್ನು ಅವರಿಂದ ಮುಂಚೆಯೇ ಬರೆಸಿಕೊಂಡು, ಅವುಗಳ ಸಂಗತಿ ಕೊನೆಯ ಪುಟದಲ್ಲಿ ಇದೆಯೇ ಎಂದು ನೋಡುವುದು. ಇಲ್ಲದಿದ್ದರೆ ಬಿಡಿ ಸಾರಾಂಶದಲ್ಲಿ ಹುಡುಕುವುದು. ಅಲ್ಲಿದ್ದು ಇಲ್ಲಿಲ್ಲವಾದರೆ ಹೆಣೆಯುವ ಸೂಚನೆ ಕೆಟ್ಟಿದೆ. ಅಲ್ಲೂ ಇಲ್ಲದಿದ್ದರೆ ಓದಿಸುವ ಸೂಚನೆ ಕೆಟ್ಟಿದೆ. ಹೊರತೆಗೆದ ಪಠ್ಯದಲ್ಲೇ ಇಲ್ಲದಿದ್ದರೆ 70ನೇ ಸ್ಲೈಡಿನಂತೆ ಅದು ಚಿತ್ರವಾಗಿದೆ.

ಇನ್ನೊಂದು ಪರೀಕ್ಷೆ ಸುಲಭದ್ದು. ಅದೇ ಪಿಪಿಟಿಯನ್ನು ಬೇರೆ ಕಡೆಗಳಲ್ಲಿ ಕತ್ತರಿಸಿ ಮತ್ತೊಮ್ಮೆ ಓಡಿಸುವುದು. ಎರಡು ಪುಟಗಳಲ್ಲಿ ಮಾತು ಬೇರೆಯಾದರೆ ಚಿಂತೆಯಿಲ್ಲ. ವೆಚ್ಚ, ಗಡುವು, ಅಡಚಣೆಗಳೇ ಬೇರೆಯಾದರೆ ಆ ವ್ಯತ್ಯಾಸ ಕತ್ತರಿಯಿಂದ ಬಂದಿರುವ ಸಂಭವ ಹೆಚ್ಚು. ಕತ್ತರಿ ಹಾಕಿದ ಜಾಗದ ಎರಡೂ ಬದಿಯ ಎರಡೆರಡು ಸ್ಲೈಡನ್ನು ಅಲ್ಲಿ ಕೈಯಾರೆ ಓದಬೇಕು.

ಐವತ್ತು ಸ್ಲೈಡಿನ ಪಿಪಿಟಿಗೆ ಇಷ್ಟೆಲ್ಲ ಬೇಡ. ದೊಡ್ಡ ಮಾಡೆಲ್ ಬಳಸಲು ಅನುಮತಿ ಇದ್ದರೆ ನೂರೆಂಬತ್ತಾರನ್ನೂ ಒಂದೇ ಸಲ ಕೊಡಬಹುದು; 37 ಸಾವಿರ ಟೋಕನ್ ಇವತ್ತಿನ ದೊಡ್ಡ ಮಾಡೆಲ್‌ಗಳಿಗೆ ಹೊರೆಯಲ್ಲ. ಆದರೆ ಒಂದೇ ಸಲ ಕೊಟ್ಟರೂ ಪ್ರತಿ ಸಾಲಿನ ಕೊನೆಗೆ ಸ್ಲೈಡ್ ಸಂಖ್ಯೆ ಕೇಳಿ ಪಡೆಯಿರಿ, ಪುಟವನ್ನು ಸಾಹೇಬರ ಮೇಜಿಗೆ ಇಡುವ ಮುಂಚೆ ಹಣ ಮತ್ತು ಗಡುವಿನ ಸಾಲುಗಳಿಗಾದರೂ ಆ ಸ್ಲೈಡುಗಳನ್ನು ತೆರೆದು, ಅಡಿಟಿಪ್ಪಣಿ ಸಮೇತ ಒಮ್ಮೆ ಓದಿ.